ಕೋಣೆಯೊಳಗೆ ಆನೆ ಎಲ್ಲಿಂದ ಬಂತು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹದಿನೈದು ದಿನದ ಹಿಂದೆ ಈ ಕಾರ್ಯಕ್ರಮದ ಕೆಲಸಕ್ಕೆ ಶಾಲೆಗೆ ಬಂದಿದ್ದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಒಂದು ಅಂಕಣ ಹಿಡಿದುಕೊಂಡು ಹತ್ತಿರ ಬಂದಳು. ಬೆಂಗಳೂರಿನ ರಸ್ತೆಗಳ ಮೇಲೆ ಬರೆದ ಅಂಕಣ ಅದು. ಅದರ ಮಧ್ಯದಲ್ಲಿ ‘ದಿ ಎಲಿಫೆಂಟ್ ಇನ್ ದಿ ರೂಮ್’ ಅಂತ ಒಂದು ಮಾತು ಇತ್ತು. ಅವಳು ಅದರ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದಿದ್ದಳು. “ಸರ್, ಎಲಿಫೆಂಟ್ ಗೊತ್ತು, ರೂಮ್ ಗೊತ್ತು. ರಸ್ತೆ ವಿಷಯದಲ್ಲಿ ರೂಮ್ ಯಾಕೆ ಬಂತು, ಅದರೊಳಗೆ ಆನೆ ಯಾಕೆ ಬಂತು?” ಅಂದಳು. ಆವತ್ತು ಪೆಂಡಾಲಿನವರ ಜೊತೆ ಮಾತಾಡುವ ಅವಸರದಲ್ಲಿದ್ದೆ. “ಸಮಾರಂಭದ ದಿನ ಹೇಳ್ತೀನಿ ಮಗು” ಅಂದುಬಿಟ್ಟೆ. ಹಾಗಾಗಿ ಇವತ್ತು ನನ್ನ ಭಾಷಣದ ವಿಷಯ ಇದೇ.

ನನಗೂ ಈ ಮಾತು ಮೊದಲ ಸಲ ಕೇಳಿದಾಗ ಅರ್ಥವಾಗಿರಲಿಲ್ಲ. ಬಿ.ಇ. ಮುಗಿಸಿ ಮೊದಲ ಕೆಲಸಕ್ಕೆ ಸೇರಿದ್ದೆ. ಸೋಮವಾರದ ಮೀಟಿಂಗ್. ಎಂಟು ಜನ ಮೇಜಿನ ಸುತ್ತ ಕೂತಿದ್ದೆವು. ಇನ್ನು ಮೂರು ವಾರದಲ್ಲಿ ಗ್ರಾಹಕರಿಗೆ ಒಪ್ಪಿಸಬೇಕಾದ ಸಾಫ್ಟ್‌ವೇರ್ ಅರ್ಧದಷ್ಟೂ ಆಗಿರಲಿಲ್ಲ. ಅದು ಎಂಟೂ ಜನರಿಗೆ ಗೊತ್ತಿತ್ತು. ಆದರೆ ವಾರದ ವರದಿಯಲ್ಲಿ ಎಲ್ಲ ಸಾಲುಗಳಿಗೂ ಹಸಿರು ಬಣ್ಣ ಹಾಕಿದ್ದೆವು. ಮುಕ್ಕಾಲು ಗಂಟೆ ಏನು ಚರ್ಚೆ ಮಾಡಿದೆವು ಅಂದರೆ, ಒಂದು ಗುಂಡಿಯ ಬಣ್ಣ ನೀಲಿ ಇರಬೇಕೋ ಕಿತ್ತಳೆ ಇರಬೇಕೋ ಅಂತ. ಕೊನೆಗೆ ಮ್ಯಾನೇಜರ್ ಲ್ಯಾಪ್‌ಟಾಪ್ ಮುಚ್ಚಿ, ಇನ್ನಾದರೂ ಎಲಿಫೆಂಟ್ ಇನ್ ದಿ ರೂಮ್ ಬಗ್ಗೆ ಮಾತಾಡೋಣವಾ ಅಂದರು. ನಾವು ಮಾಹಿತಿ ಕೂಡಿಡಲು ಬಳಸುವ ಒಂದು ಡೇಟಾಬೇಸ್‌ಗೆ ಆನೆಯೇ ಗುರುತು. ನಾನು ಅದರ ವಿಷಯ ಅಂದುಕೊಂಡು, “ಡೇಟಾಬೇಸ್ ಸರಿಯಾಗಿದೆ ಸರ್” ಅಂದೆ. ಎಲ್ಲರೂ ನಕ್ಕರು. ನಕ್ಕ ಮೇಲೆ ಒಬ್ಬರು ಮೆಲ್ಲಗೆ, “ಮೂರು ವಾರದಲ್ಲಿ ಆಗಲ್ಲ, ಇನ್ನೂ ಎರಡು ತಿಂಗಳು ಬೇಕು” ಅಂದರು. ಆ ಮಾತೇ ಆನೆ. ಮುಕ್ಕಾಲು ಗಂಟೆ ಅದು ನಮ್ಮ ಮಧ್ಯೆಯೇ ನಿಂತಿತ್ತು.

ಈಗ ಈ ಚಿತ್ರವನ್ನು ಬಿಡಿಸಿ ನೋಡೋಣ. ನಿಮ್ಮ ಮನೆಯ ನಡುಮನೆಯಲ್ಲಿ ಒಂದು ಆನೆ ನಿಂತಿದೆ ಅಂತ ಅಂದುಕೊಳ್ಳಿ. ನೆಂಟರು ಬರುತ್ತಾರೆ. ಆನೆಯ ಹೊಟ್ಟೆಗೂ ಗೋಡೆಗೂ ಮಧ್ಯೆ ಇರುವ ಸಂದಿಯಲ್ಲಿ ಅಡ್ಡಡ್ಡ ಸರಿದು ಬಂದು ಕೂರುತ್ತಾರೆ. ನೀವು ಸೊಂಡಿಲಿನ ಕೆಳಗೆ ಬಗ್ಗಿ ಕಾಫಿ ಕೊಡುತ್ತೀರಿ. “ಈ ಸಲ ಮಳೆ ಹೇಗೆ?” “ಮಗಳಿಗೆ ಗಂಡು ನೋಡ್ತಾ ಇದೀರಾ?” ಅಂತ ಮಾತು ನಡೆಯುತ್ತದೆ. ಆನೆಯ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಇಲ್ಲಿ ಆನೆಯೇ ಯಾಕೆ ಬೇಕು? ಇಲಿಯಾಗಿದ್ದರೆ ನೋಡಲಿಲ್ಲ ಅಂತ ನೆಂಟರು ಹೇಳಬಹುದು, ನಾವು ನಂಬಬಹುದು. ಆನೆಯನ್ನು ನೋಡಲಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಅಷ್ಟು ದೊಡ್ಡದರ ಬಗ್ಗೆ ಮೌನವಾಗಿದ್ದರೆ ಅದು ಬೇಕೆಂದೇ ಇರುವ ಮೌನ. ಇನ್ನು ಕೋಣೆ ಯಾಕೆ ಬೇಕು? ಆನೆ ಬನ್ನೇರುಘಟ್ಟದ ಕಾಡಿನಲ್ಲಿದ್ದರೆ ಅದರ ಬಗ್ಗೆ ಮಾತಾಡದೆ ಇರುವುದರಲ್ಲಿ ವಿಶೇಷವಿಲ್ಲ. ಕೋಣೆಯಲ್ಲಿದ್ದರೆ ಅದನ್ನು ತಪ್ಪಿಸಿಕೊಳ್ಳಲು ಪ್ರತಿಯೊಬ್ಬರೂ ಕಷ್ಟಪಡಬೇಕು. ಕುರ್ಚಿ ಸರಿಸಬೇಕು, ಬಗ್ಗಬೇಕು, ಬೇರೆ ಮಾತು ಹುಡುಕಬೇಕು. ಈ ನುಡಿಗಟ್ಟು ತಪ್ಪಿಸಿಕೊಳ್ಳುವಿಕೆಯನ್ನು ಸೂಚಿಸುವುದು ಹೀಗೆ. ‘ತಪ್ಪಿಸಿಕೊಳ್ಳುತ್ತಿದ್ದಾರೆ’ ಅನ್ನುವ ಪದ ಅದರಲ್ಲಿ ಎಲ್ಲೂ ಇಲ್ಲ. ಆನೆಯನ್ನು ಕೋಣೆಯೊಳಗೆ ತಂದು ನಿಲ್ಲಿಸಿದ ಕೂಡಲೇ, ಅದನ್ನು ಬಳಸಿಕೊಂಡು ಓಡಾಡುವ ಜನರ ಚಿತ್ರ ಓದುಗನ ಮನಸ್ಸಿನಲ್ಲಿ ತಾನಾಗಿ ಮೂಡುತ್ತದೆ.

ಹಾಗಾದರೆ ಒಂದು ವಿಷಯವನ್ನು ಕೋಣೆಯ ಆನೆ ಅನ್ನಬೇಕಾದರೆ ಮೂರು ಸಂಗತಿ ಕೂಡಿರಬೇಕು. ಅದು ದೊಡ್ಡದಾಗಿರಬೇಕು. ಅಲ್ಲಿರುವ ಎಲ್ಲರಿಗೂ ಅದು ಗೊತ್ತಿರಬೇಕು. ಗೊತ್ತಿದ್ದೂ ಯಾರೂ ಬಾಯಿ ಬಿಡದೆ ಇರಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಅದು ಬೇರೆ ಏನೋ ಆಗುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಅದು ಗುಟ್ಟು. ಯಾರಿಗೂ ಗೊತ್ತಿಲ್ಲದಿದ್ದರೆ ಅದು ಅಜ್ಞಾನ. ಎಲ್ಲರೂ ಕೂಗಾಡುತ್ತಿದ್ದರೆ ಅದು ಜಗಳ.

ಈ ಅರ್ಥ ಮೊದಲಿನಿಂದ ಹೀಗೇ ಇತ್ತೇ ಅಂದರೆ, ಇಲ್ಲ. ರಷ್ಯಾದಲ್ಲಿ ಇವಾನ್ ಕ್ರಿಲೋವ್ ಅನ್ನುವ ನೀತಿಕಥೆಗಾರ 1814ರಲ್ಲಿ ಒಂದು ಕಥೆ ಬರೆದ. ಒಬ್ಬ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದು, ಅಲ್ಲಿ ಕಂಡ ಚಿಟ್ಟೆ, ನೊಣ, ಸಣ್ಣ ಸಣ್ಣ ಹುಳುಗಳನ್ನೆಲ್ಲ ಗೆಳೆಯನಿಗೆ ಬಣ್ಣಿಸುತ್ತಾನೆ. ಗೆಳೆಯ ಆನೆ ಹೇಗಿತ್ತು ಅಂತ ಕೇಳುತ್ತಾನೆ. ಆನೆಯನ್ನು ತಾನು ಗಮನಿಸಲೇ ಇಲ್ಲ ಅನ್ನುತ್ತಾನೆ ಇವನು. ಇವನದು ಪಾಪ, ತಪ್ಪಿಸಿಕೊಳ್ಳುವುದಲ್ಲ, ಸಣ್ಣದರಲ್ಲಿ ಮುಳುಗಿ ದೊಡ್ಡದು ಕಾಣದೆ ಹೋದದ್ದು.

ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ 1959ರ ಜೂನ್‌ನಲ್ಲಿ ಈ ಮಾತು ಬಂದಾಗ ಅದರ ಅರ್ಥ ಇನ್ನೊಂದು. ಶಾಲೆಗಳಿಗೆ ಹಣ ಹೊಂದಿಸುವುದು ನಡುಮನೆಯಲ್ಲಿ ಆನೆ ಇದ್ದ ಹಾಗೆ, ಎಷ್ಟು ದೊಡ್ಡದೆಂದರೆ ಕಡೆಗಣಿಸಲು ಆಗುವುದೇ ಇಲ್ಲ ಅಂತ ಅಲ್ಲಿ ಬರೆದಿದ್ದರು. ಅಂದರೆ ಆಗಿನ ಆನೆ ಕಡೆಗಣಿಸಲಾಗದ ಆನೆ. ಇಂದಿನದು, ಕಡೆಗಣಿಸಲಾಗದಷ್ಟು ದೊಡ್ಡದಾಗಿದ್ದರೂ ಎಲ್ಲರೂ ಕಡೆಗಣಿಸಿರುವ ಆನೆ.

1984ರಲ್ಲಿ ಅದೇ ದೇಶದಲ್ಲಿ ಮಕ್ಕಳಿಗೆಂದು ಒಂದು ಪುಸ್ತಕ ಬಂತು. ಬರೆದವರು ಮೇರಿಯನ್ ಟಿಪ್ಪೋ ಮತ್ತು ಜಿಲ್ ಹೇಸ್ಟಿಂಗ್ಸ್. ಅದರ ಹೆಸರಿನಲ್ಲೇ ನಡುಮನೆಯ ಆನೆ ಇದೆ. ಅದು ಕುಡಿತದ ಚಟ ಇರುವವರ ಮನೆಯ ಮಕ್ಕಳಿಗಾಗಿ ಬರೆದ ಪುಸ್ತಕ. ಅಂಥ ಮನೆ ಹೇಗಿರುತ್ತದೆ ಅಂತ ನಮ್ಮ ಬೀದಿಗಳಲ್ಲೂ ನೋಡಿದ್ದೇವೆ. ಅಪ್ಪ ಕುಡಿಯುವುದು ಹೆಂಡತಿಗೆ ಗೊತ್ತು, ಮಕ್ಕಳಿಗೆ ಗೊತ್ತು, ಪಕ್ಕದ ಮನೆಯವರಿಗೆ ಗೊತ್ತು. ಕೇಳಿದರೆ “ಅವರಿಗೆ ಸ್ವಲ್ಪ ಹುಷಾರಿಲ್ಲ” ಅನ್ನುತ್ತಾರೆ. ಮಗು ಅದನ್ನು ನೋಡಿ, ಇದು ಮಾತಾಡಬಾರದ ವಿಷಯ ಅಂತ ಕಲಿತುಬಿಡುತ್ತದೆ. ಯಾರೂ ಅದಕ್ಕೆ ಹೇಳಿಕೊಟ್ಟಿರುವುದಿಲ್ಲ. ಈಗ ಪತ್ರಿಕೆಗಳಲ್ಲಿ ಕಾಣುವ ಅರ್ಥದ ಬಿಸಿ ಇಂಥ ಮನೆಗಳದ್ದು. ಎವಿಯಟಾರ್ ಜೆರುಬಾವೆಲ್ ಅನ್ನುವ ಸಮಾಜಶಾಸ್ತ್ರಜ್ಞರು 2006ರಲ್ಲಿ ಇದೇ ಹೆಸರಿನ ಪುಸ್ತಕ ಬರೆದು, ಇಂಥ ಮೌನ ಒಬ್ಬರಿಂದ ಆಗುವುದಿಲ್ಲ ಅಂತ ತೋರಿಸಿದರು. ಹೇಳದೆ ಇರುವವರು ಒಬ್ಬರು ಬೇಕು, ಕೇಳದೆ ಇರುವವರು ಇನ್ನೊಬ್ಬರು ಬೇಕು. ಇಬ್ಬರೂ ಸೇರಿದರೆ ಮಾತ್ರ ಮೌನ ನಿಲ್ಲುತ್ತದೆ.

ಮಕ್ಕಳೇ, ಕನ್ನಡದಲ್ಲಿ ಆನೆಗಳಿಗೇನೂ ಬರವಿಲ್ಲ. ಅವುಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಕಟ್ಟಬಾರದು ಅಷ್ಟೆ. ಖರ್ಚು ಜಾಸ್ತಿ, ಉಪಯೋಗ ಕಡಿಮೆ ಇರುವ ಯೋಜನೆಗೆ ಪತ್ರಿಕೆಯವರು ‘ಬಿಳಿಯಾನೆ’ ಅನ್ನುತ್ತಾರೆ. ಕುರುಡರು ಆನೆ ಮುಟ್ಟಿ ನೋಡಿದ ಕಥೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಭಾಗ ಮಾತ್ರ ಗೊತ್ತು. ಅಲ್ಲಿ ಎಲ್ಲರೂ ಮಾತಾಡುತ್ತಾರೆ, ಯಾರಿಗೂ ಪೂರ್ತಿ ತಿಳಿದಿಲ್ಲ. ಕೋಣೆಯ ಆನೆ ಅದಕ್ಕೆ ಸರಿಯಾಗಿ ಉಲ್ಟಾ. ಎಲ್ಲರಿಗೂ ಪೂರ್ತಿ ತಿಳಿದಿದೆ, ಯಾರೂ ಮಾತಾಡುವುದಿಲ್ಲ. ಸಂಸ್ಕೃತದಿಂದ ಬಂದ ‘ಗಜನಿಮೀಲನ’ ಅನ್ನುವ ಮಾತೂ ಇದೆ. ಆನೆ ಕಣ್ಣು ಮುಚ್ಚಿಕೊಂಡಂತೆ, ಕಂಡೂ ಕಾಣದ ಹಾಗೆ ಇರುವುದು ಅಂತ ಅರ್ಥ. ತಮಾಷೆ ನೋಡಿ, ಅಲ್ಲಿ ಕಣ್ಣು ಮುಚ್ಚುವುದು ಆನೆ. ಇಂಗ್ಲಿಷಿನಲ್ಲಿ ಆನೆಯ ಎದುರು ಕಣ್ಣು ಮುಚ್ಚುವವರು ಮನುಷ್ಯರು. ನಮ್ಮ ಬಳಕೆಯ ಮಾತಿನಲ್ಲಿ ಹತ್ತಿರದ್ದು ಬೇಕು ಅಂದರೆ ‘ಜಾಣಕುರುಡು’. ಆದರೆ ಒಬ್ಬ ಅಧಿಕಾರಿಯ ಜಾಣಕುರುಡು ಒಬ್ಬನದೇ ಆಗಿರಬಹುದು. ಕೋಣೆಯ ಆನೆಗೆ ಇಡೀ ಕೋಣೆ ಜಾಣಕುರುಡಾಗಬೇಕು. ಅದಕ್ಕೇ ಈ ಮಾತನ್ನು ‘ಕೋಣೆಯಲ್ಲಿರುವ ಆನೆ’ ಅಂತ ಪದಕ್ಕೆ ಪದ ಕನ್ನಡ ಮಾಡಿದರೆ, ಸಕಲೇಶಪುರದ ಕಾಫಿ ತೋಟದವರು ನಿಜವಾದ ಆನೆಯೇ ಮನೆಗೆ ನುಗ್ಗಿತು ಅಂದುಕೊಂಡಾರು. ‘ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡರು’ ಅಂತ ಬರೆದರೆ ಯಾರಿಗೂ ಗೊಂದಲವಿಲ್ಲ.

ಈಗ ಅಂಕಣಕ್ಕೆ ಬರೋಣ. ಅಂಕಣಕಾರ ಈ ಮಾತು ಬಳಸಿದಾಗ ಅವನು ಎರಡು ಕೆಲಸ ಮಾಡುತ್ತಿರುತ್ತಾನೆ. ಒಂದು, ಮುಖ್ಯ ವಿಷಯ ಇದು ಅನ್ನುತ್ತಾನೆ. ಇನ್ನೊಂದು, ಇದುವರೆಗೆ ಮಾತಾಡಿದವರೆಲ್ಲ ಇದನ್ನು ಬೇಕೆಂದೇ ಬಿಟ್ಟರು ಅಂತ ಆರೋಪ ಹೊರಿಸುತ್ತಾನೆ. ಆ ಆರೋಪದಲ್ಲಿ ಯಾರ ಹೆಸರೂ ಇರುವುದಿಲ್ಲ, ಪುರಾವೆಯೂ ಇರುವುದಿಲ್ಲ. ಹಾಗಾಗಿ ಓದುವ ನಾವೇ ಕೇಳಿಕೊಳ್ಳಬೇಕು. ಯಾವ ಆನೆ? ಯಾವ ಕೋಣೆ? ಸುಮ್ಮನಿದ್ದವರು ಯಾರು? ನಿಜವಾಗಿ ಸುಮ್ಮನಿದ್ದರೇ?

ನಮ್ಮ ಹುಡುಗಿ ತಂದ ಅಂಕಣದಲ್ಲಿ ಟ್ರಾಫಿಕ್ ಜಾಮ್ ಅನ್ನೇ ಕೋಣೆಯ ಆನೆ ಅಂತ ಕರೆದಿದ್ದರು. ಇದು ಸರಿಯೇ? ಹೆಬ್ಬಾಳದ ಮೇಲ್ಸೇತುವೆಯ ಜಾಮ್ ಬಗ್ಗೆ ನಾವು ಮಾತಾಡದ ದಿನ ಯಾವುದು? ವಿದ್ಯಾರಣ್ಯಪುರದ ಬಸ್ ಸ್ಟಾಪಿನಲ್ಲಿ, ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ ಅದೇ ಮಾತು. ಎಲ್ಲರೂ ಮಾತಾಡುತ್ತಿರುವುದು ಕೋಣೆಯ ಆನೆ ಆಗುವುದಿಲ್ಲ. ಅದು ಬರೀ ದೊಡ್ಡ ಸಮಸ್ಯೆ. ಆ ಅಂಕಣಕಾರರು ಪದ ತಪ್ಪಾಗಿ ಬಳಸಿದ್ದಾರೆ. ಅದೇ ಜಾಮಿನಲ್ಲಿ ಒಂದು ಕಾರಿನಲ್ಲಿ ಒಬ್ಬನೇ ಕೂತು ಜಾಮ್ ಅನ್ನು ಬೈಯುತ್ತಿರುತ್ತೇನಲ್ಲ, ನಾನೂ ಆ ಜಾಮಿನ ಒಂದು ತುಂಡು ಅನ್ನುವುದು ನಮ್ಮ ಕಾರುಗಳಲ್ಲಿ ಏಳದ ಮಾತು. ಆನೆ ಅಲ್ಲಿದೆ.

ಇನ್ನೊಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ಇದು ನಮಗೆ ಹತ್ತಿರದ್ದು. ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಆಗಬೇಕು ಅಂತ ನಮ್ಮ ಸರ್ಕಾರ 1994ರಲ್ಲಿ ಆದೇಶ ಮಾಡಿತು. ಅದು ಕೋರ್ಟಿನ ಮೆಟ್ಟಿಲು ಹತ್ತಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಆಮೇಲೆ 2019–20ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಆ ವರ್ಷದ ಜನವರಿಯಲ್ಲಿ ಧಾರವಾಡದಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷರಾಗಿದ್ದ ಚಂದ್ರಶೇಖರ ಕಂಬಾರರು ಇದನ್ನು ವಿರೋಧಿಸಿದರು. ಕಲಿಕೆ ತಾಯ್ನುಡಿಯಲ್ಲಿ ಚೆನ್ನಾಗಿ ಆಗುತ್ತದೆ ಅನ್ನುವುದು ಒಂದು ಕಡೆಯ ವಾದ. ಬಡವರ ಮಕ್ಕಳಿಗೂ ಇಂಗ್ಲಿಷ್ ಬೇಡವೇ ಅನ್ನುವುದು ಇನ್ನೊಂದು ಕಡೆಯ ವಾದ. ಎರಡರಲ್ಲೂ ತೂಕ ಇದೆ.

ಈ ಚರ್ಚೆಯ ಬಗ್ಗೆ ಅಂಕಣ ಬರೆಯುವವನೊಬ್ಬ, ಇಲ್ಲಿ ಕೋಣೆಯ ಆನೆ ಏನೆಂದರೆ ವಾದ ಮಾಡುವವರ ಸ್ವಂತ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಿದ್ದಾರೆ ಅನ್ನುವುದು ಅಂತ ಬರೆದ ಅನ್ನೋಣ. ನಮ್ಮ ಪ್ರಶ್ನೆಗಳನ್ನು ಹಾಕಿ ನೋಡಿ. ವಿಷಯ ದೊಡ್ಡದೇ? ಹೌದು. ಎಲ್ಲರಿಗೂ ಗೊತ್ತೇ? ಹೌದು. ಯಾರೂ ಹೇಳಿರಲಿಲ್ಲವೇ? ಇಲ್ಲಿ ಅವನು ಸೋಲುತ್ತಾನೆ. ಆಗ ಹಲವರು ಅದನ್ನು ಬಾಯಿಬಿಟ್ಟು ಕೇಳಿದ್ದರು. ಉತ್ತರ ಪ್ರದೇಶದಲ್ಲಂತೂ 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟ್, ಸರ್ಕಾರದಿಂದ ಸಂಬಳ ಪಡೆಯುವವರ ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದುವಂತೆ ನೋಡಿಕೊಳ್ಳಿ ಅಂತಲೇ ಆದೇಶ ಮಾಡಿತ್ತು. ನ್ಯಾಯಾಲಯ ಗಟ್ಟಿಯಾಗಿ ಹೆಸರು ಹೇಳಿದ ಮೇಲೆ ಅದು ದೇಶದ ದೊಡ್ಡ ಕೋಣೆಯಲ್ಲಿ ಮೌನದ ಆನೆಯಾಗಿ ಉಳಿಯಲಿಲ್ಲ.

ಆದರೆ ಕೋಣೆ ಯಾವುದು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಪತ್ರಿಕೆಯಲ್ಲಿ ದಿನಾ ಬರುವ ಮಾತು ಒಂದು ಮನೆಯೊಳಗೆ ಬಾರದೆ ಇರಬಹುದು. ಕುಡಿತದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬರೆದಿದ್ದಾರೆ, ಆ ಒಂದು ಮನೆಯಲ್ಲಿ ಮಾತ್ರ ಯಾರೂ ಆಡುವುದಿಲ್ಲ. ಆದ್ದರಿಂದ ಆನೆಯನ್ನು ಹುಡುಕುವವರು ಮೊದಲು ತಾವು ಕೂತಿರುವ ಕೋಣೆಯನ್ನು ನೋಡಿಕೊಳ್ಳಬೇಕು.

ಈ ಮಾತನ್ನು ಬರೆದುಕೊಂಡು ಮೊನ್ನೆ ರಾತ್ರಿ ಮನೆಯಲ್ಲಿ ಕೂತಿದ್ದಾಗ ನನಗೇ ಕಸಿವಿಸಿಯಾಯಿತು. ನಾವು ಈಗ ಕೂತಿರುವುದೂ ಒಂದು ಕೋಣೆಯೇ ತಾನೆ? ಬೆಳಿಗ್ಗೆಯಿಂದ ವೇದಿಕೆಗೆ ಬಂದವರೆಲ್ಲ ಈ ಶಾಲೆಯನ್ನು ಹೊಗಳಿದ್ದೇವೆ. ಹೊಗಳಿದ್ದರಲ್ಲಿ ಸುಳ್ಳಿಲ್ಲ. ನನಗೆ ಗಣಿತ ಬಂದದ್ದು ಈ ಕಟ್ಟಡದ ಕಪ್ಪು ಹಲಗೆಯಿಂದ. ಕಾಂಪೌಂಡ್ ಬಗ್ಗೆ ಮಾತಾಡಿದೆವು, ಕಂಪ್ಯೂಟರ್ ಕೊಡಿಸುವ ಬಗ್ಗೆ ಮಾತಾಡಿದೆವು, ಶೌಚಾಲಯದ ರಿಪೇರಿಗೆ ಚಂದಾ ಬರೆಸಿದೆವು. ಇಲ್ಲಿರುವ ನಮ್ಮಲ್ಲಿ ಎಷ್ಟು ಜನರ ಮಕ್ಕಳು ಈ ಶಾಲೆಯಲ್ಲಿ ಓದುತ್ತಿದ್ದಾರೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ನಾನೇ ಮೊದಲು ಹೇಳುತ್ತೇನೆ. ನನ್ನ ಮಗಳು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಒಂದನೇ ತರಗತಿ. ಸೇರಿಸುವಾಗ ನಾನೂ ನನ್ನ ಹೆಂಡತಿಯೂ ಸರ್ಕಾರಿ ಶಾಲೆಯ ಮಾತನ್ನು ಬೇಡ ಅಂತ ತೀರ್ಮಾನ ಮಾಡಿ ಬಿಟ್ಟದ್ದಲ್ಲ. ಆ ಮಾತೇ ನಮ್ಮ ಮಧ್ಯೆ ಬರಲಿಲ್ಲ. ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಲ್ಲಿ ಹೆಚ್ಚಿನವರ ಅಪ್ಪ ಅಮ್ಮ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ನಮ್ಮ ಅಪಾರ್ಟ್‌ಮೆಂಟುಗಳನ್ನು ಕಟ್ಟಿದವರು. ಅವರು ಕಟ್ಟಿದ ಮನೆಯಲ್ಲಿ ನಾವಿದ್ದೇವೆ, ನಾವು ಬಿಟ್ಟ ಬೆಂಚಿನಲ್ಲಿ ಅವರ ಮಕ್ಕಳಿದ್ದಾರೆ. ಇದು ಮೇಷ್ಟ್ರುಗಳಿಗೆ ಗೊತ್ತು, ನಮಗೆ ಗೊತ್ತು, ಈ ಮಕ್ಕಳಿಗೂ ಗೊತ್ತು.

ಇದನ್ನು ಯಾಕೆ ಯಾರೂ ಎತ್ತುವುದಿಲ್ಲ? ಎತ್ತಿದರೆ ಹಬ್ಬದ ದಿನ ಮೇಷ್ಟ್ರಿಗೆ ನೋವಾದೀತು ಅಂತ ನಾವು ಅಂದುಕೊಳ್ಳುತ್ತೇವೆ. ದಾನ ಕೊಡುವವರಿಗೆ ಮುಜುಗರ ಆದೀತು ಅಂತ ಮೇಷ್ಟ್ರು ಅಂದುಕೊಳ್ಳುತ್ತಾರೆ. ಇಬ್ಬರದೂ ಒಳ್ಳೆಯ ಮನಸ್ಸೇ. ಕೋಣೆಯ ಆನೆಯನ್ನು ಸಾಕುವುದು ಬಹಳ ಸಲ ಕೆಟ್ಟತನ ಅಲ್ಲ, ಮರ್ಯಾದೆ. ಆದರೆ ಅದರ ಬೆಲೆ ಇದೆ. ನಮ್ಮ ಆಫೀಸಿನಲ್ಲಿ ಮುಕ್ಕಾಲು ಗಂಟೆ ಗುಂಡಿಯ ಬಣ್ಣಕ್ಕೆ ಹೋಯಿತು. ಇಲ್ಲಿ ನಾವು ಕಾಂಪೌಂಡಿನ ಬಣ್ಣ ಆರಿಸುತ್ತೇವೆ. ಮುಂದಿನ ವರ್ಷ ಎಂಟನೇ ತರಗತಿಗೆ ಯಾರು ಸೇರುತ್ತಾರೆ, ಸೇರದವರು ಯಾಕೆ ಸೇರುತ್ತಿಲ್ಲ ಅನ್ನುವ ಪಟ್ಟಿ ಯಾರ ಹತ್ತಿರವೂ ಇಲ್ಲ.

ಆನೆಯ ಹೆಸರು ಹೇಳಿದ ಮಾತ್ರಕ್ಕೆ ಅದು ಎದ್ದು ಹೊರಗೆ ನಡೆಯುವುದಿಲ್ಲ. ಆವತ್ತು ಮೀಟಿಂಗಿನಲ್ಲಿ ಎರಡು ತಿಂಗಳು ಬೇಕು ಅಂತ ಒಬ್ಬರು ಹೇಳಿದ ಮೇಲೂ ಕೆಲಸ ಮುಗಿಯಲು ಎರಡು ತಿಂಗಳೇ ಹಿಡಿಯಿತು. ಬದಲಾದದ್ದು ಒಂದೇ, ಮಾರನೆಯ ಸೋಮವಾರ ವರದಿಯಲ್ಲಿ ಕೆಂಪು ಬಣ್ಣ ಬಂತು, ನಾವು ಕೆಂಪಿನ ಸಾಲಿನಿಂದ ಮಾತು ಶುರು ಮಾಡಿದೆವು. ಇಲ್ಲೂ ಅಷ್ಟು ಆದರೆ ಸಾಕು. ಊಟ ಆದ ಮೇಲೆ ಹಳೆಯ ವಿದ್ಯಾರ್ಥಿ ಸಂಘದ ಸಭೆ ಇದೆ. ಕಾರ್ಯಸೂಚಿಯ ಮೊದಲನೆಯ ಸಾಲಿಗೆ, ನಮ್ಮ ಮಕ್ಕಳನ್ನು ಇಲ್ಲಿಗೆ ಯಾಕೆ ಕಳಿಸುತ್ತಿಲ್ಲ ಅನ್ನುವ ಪ್ರಶ್ನೆ ಬರೆಯಬೇಕು ಅಂತ ಕೇಳಿಕೊಳ್ಳುತ್ತೇನೆ. ನಾನು ನನ್ನ ಕಾರಣ ಹೇಳುತ್ತೇನೆ. ಅದು ಕೇಳಲು ಚೆನ್ನಾಗಿಲ್ಲ, ಆದರೂ ಹೇಳುತ್ತೇನೆ.

ಮಗು, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದುಕೊಳ್ಳುತ್ತೇನೆ. ಮುಂದಿನ ಸಲ ಪತ್ರಿಕೆಯಲ್ಲಿ ಈ ಮಾತು ಕಂಡರೆ ಗೆರೆ ಎಳೆದು, ಪಕ್ಕದಲ್ಲಿ ಯಾರ ಕೋಣೆ, ಸುಮ್ಮನಿದ್ದವರು ಯಾರು ಅಂತ ಬರೆದುಕೋ. ಅಂಕಣಕಾರ ಉತ್ತರ ಕೊಟ್ಟಿದ್ದರೆ ಅವನು ಪದವನ್ನು ಸರಿಯಾಗಿ ಬಳಸಿದ್ದಾನೆ. ಕೊಟ್ಟಿಲ್ಲದಿದ್ದರೆ ಅವನೂ ಆನೆಯನ್ನು ಬಳಸಿಕೊಂಡು ಆ ಕಡೆಗೆ ಹೋಗಿದ್ದಾನೆ ಅಂತ ತಿಳಿ.